ಪಾಲಿಸಿಯ ಮೇಲೆ ತೆಗೆದ ಸಾಲ: ಕಂತಿಲ್ಲದ ಸಾಲದಲ್ಲಿ ನಾನು ಕಂಡದ್ದು

2016ರ ಜೂನ್‌ನಲ್ಲಿ ನನ್ನ ಮಗಳಿಗೆ ಮೈಸೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ತಕ್ಷಣಕ್ಕೆ ಮೂರು ಲಕ್ಷ ರೂಪಾಯಿ ಬೇಕಾಗಿತ್ತು. ಮಂಡ್ಯದ ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದ ನನಗೆ ವೈಯಕ್ತಿಕ ಸಾಲ ಸುಲಭವಾಗಿಯೇ ಸಿಗುತ್ತಿತ್ತು, ಆದರೆ ಅದರ ಬಡ್ಡಿ ಶೇ. 14. 2001ರಲ್ಲಿ ಮಾಡಿಸಿದ್ದ, 25 ವರ್ಷಗಳ ಅವಧಿಯ, ಐದು ಲಕ್ಷ ರೂಪಾಯಿ ಮೊತ್ತದ ಎಂಡೋಮೆಂಟ್ ಪಾಲಿಸಿಯ, ಅಂದರೆ ಅವಧಿ ಮುಗಿದಾಗ ಇಲ್ಲವೇ ನಡುವೆ ಸಾವು ಬಂದಾಗ ಹಣ ಕೊಡುವ ಜೀವವಿಮೆಯ, ಮೇಲೆ ಶೇ. 10ಕ್ಕೆ ಸಾಲ ಸಿಗುತ್ತದೆ ಎಂದು ತಿಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಪಾಲಿಸಿಯನ್ನು ಆ ದಿನವೇ ಬಿಟ್ಟುಕೊಟ್ಟರೆ ಕೈಗೆ ಬರುವ ಮೊತ್ತ, ಅಂದರೆ ಸರೆಂಡರ್ ಮೌಲ್ಯ, ಆಗ 3,40,000 ರೂಪಾಯಿ ಇತ್ತು. ಅದರ ಶೇ. 90ರವರೆಗೆ, ಎಂದರೆ 3,06,000 ರೂಪಾಯಿವರೆಗೆ ಸಾಲ ಕೊಡುತ್ತಿದ್ದರು. ಮೂಲ ಬಾಂಡನ್ನು ಒಪ್ಪಿಸಿ, ಪಾಲಿಸಿಯನ್ನು ವಿಮಾ ಕಂಪನಿಯ ಹೆಸರಿಗೆ ವರ್ಗಾಯಿಸುವ ಪತ್ರಕ್ಕೆ ಸಹಿ ಹಾಕಿ, ರದ್ದುಪಡಿಸಿದ ಚೆಕ್ಕೊಂದನ್ನು ಕೊಟ್ಟು ಬಂದೆ. ಕೆಲವೇ ದಿನಗಳಲ್ಲಿ ಮೂರು ಲಕ್ಷ ಖಾತೆಗೆ ಬಂತು. ಯಾರೂ ಸಂಬಳದ ಚೀಟಿ ಕೇಳಲಿಲ್ಲ, ಜಾಮೀನುದಾರರನ್ನು ಕೇಳಲಿಲ್ಲ, ಯಾವಾಗ ತೀರಿಸುತ್ತೀರಿ ಎಂದೂ ಕೇಳಲಿಲ್ಲ.

ಆ ಕೊನೆಯ ಪ್ರಶ್ನೆಯನ್ನು ಯಾರೂ ಕೇಳದಿದ್ದುದೇ ಮುಂದೆ ನನಗೆ ತೊಂದರೆಯಾಯಿತು. ಈ ಸಾಲಕ್ಕೆ ಮಾಸಿಕ ಕಂತು ಇರಲಿಲ್ಲ. ಆರು ತಿಂಗಳಿಗೊಮ್ಮೆ 15,000 ರೂಪಾಯಿ ಬಡ್ಡಿ ಕಟ್ಟಬೇಕು, ಕಟ್ಟದಿದ್ದರೆ ಅದು ಅಸಲಿಗೆ ಸೇರಿ ಮುಂದಿನ ಅರ್ಧವರ್ಷ ಅದರ ಮೇಲೂ ಬಡ್ಡಿ ಬೆಳೆಯುತ್ತದೆ. ಅಸಲನ್ನು ಪಾಲಿಸಿ ಮುಗಿಯುವ ತನಕ ಕಟ್ಟದಿದ್ದರೂ ನಡೆಯುತ್ತದೆ. 2016ರ ಡಿಸೆಂಬರ್ ಮತ್ತು 2017ರ ಜೂನ್‌ನ ಬಡ್ಡಿಯನ್ನು ತಪ್ಪದೆ ಕಟ್ಟಿದೆ. ಆಮೇಲೆ ಮನೆಯ ಮೇಲಂತಸ್ತಿನ ಕೆಲಸ ಶುರುವಾಗಿ ಕೈ ಬಿಗಿಯಾಯಿತು. ಬ್ಯಾಂಕಿನ ಕಂತು ತಪ್ಪಿದರೆ ಫೋನು ಬರುತ್ತದೆ, ಇಲ್ಲಿ ಏನೂ ಬರಲಿಲ್ಲವಾದ್ದರಿಂದ ಬಡ್ಡಿ ನಿಂತಿತು. 2018ರಲ್ಲಿ, ಹೇಗೂ ಪಾಲಿಸಿ ಅಡವಿನಲ್ಲಿದೆಯಲ್ಲ ಎಂಬ ತಪ್ಪು ತರ್ಕದಿಂದ ಪ್ರೀಮಿಯಂ ಕಟ್ಟುವುದನ್ನೂ ನಿಲ್ಲಿಸಿಬಿಟ್ಟೆ.

2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿರುವ ನನ್ನ ಭಾವಮೈದ ಷೇರುಗಳ ಮೇಲೆ ತೆಗೆದಿದ್ದ ಸಾಲದಲ್ಲಿ ಸಿಕ್ಕಿಬಿದ್ದ. ಅವನು ಹತ್ತು ಲಕ್ಷ ಬೆಲೆಯ ಷೇರುಗಳನ್ನು ಡಿಮ್ಯಾಟ್ ಖಾತೆಯಲ್ಲೇ ಒತ್ತೆಯಿಟ್ಟು ನಾಲ್ಕೂವರೆ ಲಕ್ಷ ಸಾಲ ತಂದಿದ್ದ. ಒತ್ತೆಯ ಬೆಲೆಯ ಅರ್ಧಕ್ಕಿಂತ ಸಾಲ ಹೆಚ್ಚಾಗಬಾರದು ಎಂಬುದು ಷರತ್ತು. ಮಾರ್ಚ್ 23ರಂದು ಒಂದೇ ದಿನ ನಿಫ್ಟಿ ಸೂಚ್ಯಂಕ ಶೇ. 13ರಷ್ಟು ಕುಸಿದಾಗ ಅವನ ಷೇರುಗಳ ಬೆಲೆ ಆರೂವರೆ ಲಕ್ಷಕ್ಕೆ ಇಳಿದಿತ್ತು; ಆ ಲೆಕ್ಕದಲ್ಲಿ ಸಾಲ ಮೂರೂಕಾಲು ಲಕ್ಷ ಮಾತ್ರ ಇರಬಹುದಾಗಿತ್ತು. ಕೊರತೆಯಾದ ಒಂದೂಕಾಲು ಲಕ್ಷವನ್ನು ಏಳು ಕೆಲಸದ ದಿನಗಳಲ್ಲಿ ತುಂಬಬೇಕು ಎಂಬ ಸಂದೇಶ ಬಂದಾಗ ಊರೆಲ್ಲ ಲಾಕ್‌ಡೌನ್‌ನಲ್ಲಿತ್ತು. ಹಣ ಹೊಂದಿಸಲಾಗದೆ ಅವನ ಷೇರುಗಳಲ್ಲಿ ಒಂದು ಪಾಲು ತೀರಾ ಕೆಳಗಿನ ಬೆಲೆಗೆ ಮಾರಾಟವಾಯಿತು. ಆಗ ನಾನು ಅವನಿಗೆ, ನನ್ನ ಪಾಲಿಸಿಗೆ ಈ ತಾಪತ್ರಯವಿಲ್ಲ ನೋಡು ಎಂದು ಸ್ವಲ್ಪ ಜಂಬದಿಂದಲೇ ಹೇಳಿದ್ದೆ.

2021ರ ಡಿಸೆಂಬರ್‌ನಲ್ಲಿ ಬೇರೆ ಯಾವುದೋ ಕೆಲಸಕ್ಕೆ ವಿಮಾ ಕಚೇರಿಗೆ ಹೋದಾಗ ಸಾಲದ ವಿವರ ಕೇಳಿದೆ. ಕೌಂಟರಿನಲ್ಲಿದ್ದವರು ಪರದೆ ನೋಡಿ, "ಮೇಷ್ಟ್ರೇ, ಪಾಲಿಸಿ ಪೇಡ್‌ಅಪ್ ಆಗಿದೆ. ಬಡ್ಡೀನೂ ಬಂದಿಲ್ಲ. ಹಿಂಗೇ ಬಿಟ್ರೆ ಫೋರ್‌ಕ್ಲೋಸ್ ಆಗುತ್ತೆ" ಎಂದರು. ಪೇಡ್‌ಅಪ್ ಎಂದರೆ ಪ್ರೀಮಿಯಂ ನಿಂತದ್ದರಿಂದ, ಕಟ್ಟಿದಷ್ಟಕ್ಕೆ ತಕ್ಕಂತೆ ಮೊತ್ತ ಕುಗ್ಗಿದ ಪಾಲಿಸಿ; ಫೋರ್‌ಕ್ಲೋಸ್ ಎಂದರೆ ಸಾಲಕ್ಕಾಗಿ ಕಂಪನಿಯೇ ಅದನ್ನು ಅವಧಿಗೆ ಮೊದಲು ಮುಚ್ಚುವುದು. ಮೂರು ಲಕ್ಷದ ಸಾಲ ಒಂಬತ್ತು ಅರ್ಧವರ್ಷಗಳಲ್ಲಿ, ಪ್ರತಿ ಬಾರಿ ಶೇ. 5ರಂತೆ ಬೆಳೆದು, 4,65,398 ರೂಪಾಯಿಯಾಗಿತ್ತು. ಸರೆಂಡರ್ ಮೌಲ್ಯ 4,95,000 ಇತ್ತು.

ಮನೆಗೆ ಬಂದು ಎರಡನ್ನೂ ಅಕ್ಕಪಕ್ಕ ಬರೆದು ಮುಂದಕ್ಕೆ ಲೆಕ್ಕ ಹಾಕಿದೆ. ಕಂಪನಿಯು ತನ್ನ ಲಾಭದಲ್ಲಿ ಪಾಲಿಸಿಗೆ ಸೇರಿಸುವ ಪಾಲು, ಅಂದರೆ ಬೋನಸ್, ಪ್ರೀಮಿಯಂ ನಿಂತ ಪಾಲಿಸಿಗೆ ಹೊಸದಾಗಿ ಸೇರುವುದಿಲ್ಲ. ಅವಧಿ ಮುಗಿಯುವ ದಿನ ಹತ್ತಿರವಾದಂತೆ ಮಾತ್ರ ಅದರ ಸರೆಂಡರ್ ಮೌಲ್ಯ ಏರುತ್ತದೆ. ನನ್ನ ಅಂದಾಜಿನಲ್ಲಿ ಅದು ಅರ್ಧವರ್ಷಕ್ಕೆ ಸುಮಾರು ಇಪ್ಪತ್ತು ಸಾವಿರ. ಸಾಲವಾದರೋ ಈಗಾಗಲೇ ಅರ್ಧವರ್ಷಕ್ಕೆ ಇಪ್ಪತ್ತಮೂರು ಸಾವಿರ ಏರುತ್ತಿತ್ತು, ಆ ಏರಿಕೆ ಪ್ರತಿ ಸಲವೂ ಹಿಗ್ಗುತ್ತಿತ್ತು. 2024ರ ಜೂನ್‌ಗೆ ಮೌಲ್ಯ 5,95,000 ಮತ್ತು ಸಾಲ 5,93,979. ಅದೇ ಡಿಸೆಂಬರ್‌ಗೆ ಮೌಲ್ಯ 6,15,000 ಮತ್ತು ಸಾಲ 6,23,678. ಪಾಲಿಸಿ ಮುಗಿಯಬೇಕಾದ 2026ಕ್ಕೆ ಮೊದಲೇ ಸಾಲವು ಮೌಲ್ಯವನ್ನು ದಾಟುತ್ತಿತ್ತು. ಹಾಗೆ ದಾಟಿದಾಗ ಕಂಪನಿಯು ನೋಟಿಸು ಕೊಟ್ಟು, ಮೌಲ್ಯವನ್ನು ಸಾಲಕ್ಕೆ ಜಮಾ ಮಾಡಿಕೊಂಡು ಪಾಲಿಸಿಯನ್ನು ಮುಚ್ಚುತ್ತದೆ. ಭಾವಮೈದನಿಗೆ ಒಂದು ವಾರದಲ್ಲಿ ಆದದ್ದೇ ನನಗೆ ಎಂಟು ವರ್ಷಗಳಲ್ಲಿ ಆಗುವುದಿತ್ತು, ಅಷ್ಟೇ.

ಅದಕ್ಕಿಂತಲೂ ನನ್ನನ್ನು ಕಾಡಿದ್ದು ಇನ್ನೊಂದು ಲೆಕ್ಕ. ನನಗೇನಾದರೂ ಆದರೆ ಐದು ಲಕ್ಷದ ಜೊತೆಗೆ ಬೋನಸ್ಸೂ ಬರುತ್ತದೆ ಎಂದು ಹೆಂಡತಿ ನಂಬಿದ್ದಳು. ಇಪ್ಪತ್ತೈದರಲ್ಲಿ ಹದಿನೇಳು ವರ್ಷದ ಪ್ರೀಮಿಯಂ ಮಾತ್ರ ಕಟ್ಟಿದ್ದರಿಂದ ಐದು ಲಕ್ಷವು ಅದೇ ಪ್ರಮಾಣದಲ್ಲಿ ಕುಗ್ಗಿ 3,40,000 ಆಗಿತ್ತು. ಅದುವರೆಗೆ ಸೇರಿದ್ದ ಸುಮಾರು 3,80,000 ಬೋನಸ್ ಕೂಡಿಸಿ, ಸಾಲ ಕಳೆದರೆ ಅವಳ ಕೈಗೆ ಬರುತ್ತಿದ್ದುದು ಎರಡೂವರೆ ಲಕ್ಷ. ಸಾಲದ ವಿಷಯವೇ ಅವಳಿಗೆ ಗೊತ್ತಿರಲಿಲ್ಲ, ಅದನ್ನು ಹೇಳುವುದು ನನಗೆ ಲೆಕ್ಕ ಹಾಕುವುದಕ್ಕಿಂತ ಕಷ್ಟವಾಯಿತು.

ಹೇಳಿದ ಮೇಲೆ ಅವಳೇ ಕೇಳಿದಳು: "ಬ್ಯಾಂಕಲ್ಲಿ ಎರಡು ಲಕ್ಷ ಠೇವಣಿ ಇದೆಯಲ್ರೀ, ಅದ್ಯಾಕೆ ಹಾಗೇ ಬಿಟ್ಟಿದ್ದೀರ?" ಆ ಠೇವಣಿಗೆ ಶೇ. 5.5 ಬಡ್ಡಿ ಬರುತ್ತಿತ್ತು, ಶೇ. 20ರ ತೆರಿಗೆ ಕಳೆದರೆ ಉಳಿಯುವುದು ಶೇ. 4.4. ಸಾಲಕ್ಕೆ ಹತ್ತು ತೆತ್ತುಕೊಂಡು, ಅದರ ಅರ್ಧಕ್ಕೂ ಕಡಿಮೆ ಗಳಿಸುವ ಠೇವಣಿಯನ್ನು ಜೋಪಾನ ಮಾಡಿದ್ದೆ. 2016ರಲ್ಲೇ ಆ ಠೇವಣಿಯನ್ನು ಮುರಿಯದೆ, ಅದರ ಮೇಲೆ ಬೇಕಾದಾಗ ಬೇಕಾದಷ್ಟು ಹಣ ಪಡೆಯುವ ಓವರ್‌ಡ್ರಾಫ್ಟ್ ಸಾಲ ತೆಗೆದಿದ್ದರೆ ಠೇವಣಿಯ ದರಕ್ಕಿಂತ ಶೇ. 1 ಹೆಚ್ಚು ಕೊಟ್ಟರೆ ಸಾಕಿತ್ತು. ತೆರಿಗೆಯಿಂದಾಗಿ ನಿಜವಾದ ವ್ಯತ್ಯಾಸ ಎರಡರ ಮೇಲಾಗುತ್ತಿತ್ತಾದರೂ, ಬಳಸಿದ ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ ಬೀಳುತ್ತಿತ್ತು.

ಠೇವಣಿ ಮುರಿದು ಎರಡು ಲಕ್ಷ ಕಟ್ಟಿದೆ. ಕಟ್ಟಿದ ಹಣ ಮೊದಲು ಬಡ್ಡಿಗೆ, ಉಳಿದದ್ದು ಅಸಲಿಗೆ ಜಮೆಯಾಗುವುದರಿಂದ, ಉಳಿದ ಬಾಕಿಯನ್ನು ಬರಹದಲ್ಲಿ ಪಡೆದುಕೊಂಡೆ: 2,65,398 ರೂಪಾಯಿ. ಅದರ ಅರ್ಧವರ್ಷದ ಬಡ್ಡಿ 13,270. ಅಷ್ಟನ್ನು ಒಟ್ಟಿಗೆ ಹೊಂದಿಸಲು ನನ್ನಿಂದಾಗದು ಎಂದು ಅನುಭವದಿಂದ ಗೊತ್ತಿದ್ದರಿಂದ, ಸಂಬಳದ ಮರುದಿನವೇ 2,300 ರೂಪಾಯಿ ಕಡಿತವಾಗುವಂತೆ ಆರು ತಿಂಗಳ ಆರ್‌ಡಿ ತೆರೆದೆ. ಅದು ಮುಗಿದಾಗ 13,800 ಮತ್ತು ಮೇಲಷ್ಟು ಬಡ್ಡಿ ಕೈಗೆ ಬರುತ್ತಿತ್ತು. ತುಟ್ಟಿಭತ್ಯೆಯ ಬಾಕಿ ಬಂದಾಗಲೆಲ್ಲ ಅಸಲಿಗೆ ಕಟ್ಟಿದೆ. ನಿಂತುಹೋದ ಪ್ರೀಮಿಯಂಗಳನ್ನು ದಂಡಬಡ್ಡಿ ಸಮೇತ ಕಟ್ಟಿ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತರುವ ಅವಕಾಶವೂ ಇತ್ತು, ಆದರೆ ಆ ಹಣ ಸಾಲಕ್ಕೆ ಹೋಗುವುದೇ ಮೇಲೆನಿಸಿ ಬಿಟ್ಟೆ.

ಜೂನ್ ಮತ್ತು ಡಿಸೆಂಬರ್‌ನ ರಸೀದಿಗಳು ಈಗ ಬೀರುವಿನ ಫೈಲಿನಲ್ಲಿವೆ. ಪ್ರತಿ ರಸೀದಿಯ ಹಿಂಬದಿಯಲ್ಲಿ ಆ ದಿನದ ಬಾಕಿ ಮತ್ತು ಸರೆಂಡರ್ ಮೌಲ್ಯ ಎರಡನ್ನೂ ಹೆಂಡತಿಯ ಕೈಯಿಂದಲೇ ಬರೆಸಿದ್ದೇನೆ.