ಮೇಳದ ಮಳಿಗೆಗೆ ಹಣ ಕಟ್ಟುವ ಮೊದಲು ನಾನು ಬರೆಯುವ ಒಂದು ಪತ್ರ

ಉದ್ಯಮಬಾಗದಲ್ಲಿ ಜೋಳದ ರೊಟ್ಟಿ ಯಂತ್ರ ತಯಾರಿಸುವ ನಾನು ಈ ಸಲ ಬೆಳಗಾವಿಯ ಸಿಪಿಎಡ್ ಮೈದಾನದ ವಸ್ತುಪ್ರದರ್ಶನದಲ್ಲಿ ಮಳಿಗೆ ಹಿಡಿಯುವ ಮೊದಲು ಆಯೋಜಕರಿಗೆ ಒಂದೂವರೆ ಪುಟದ ವಿಚಾರಣಾ ಪತ್ರವನ್ನು ಮೇಲ್ ಮಾಡಿದೆ. ಅದರ ಪ್ರತಿಯನ್ನು ನೋಡಿದ ನಮ್ಮ ಸಾಲಿನ ಕಾರ್ಖಾನೆಯವರು ನಕ್ಕರು. "ಅಣ್ಣಾರ, ಇಷ್ಟ್ ಪ್ರಶ್ನೆ ಕೇಳಿದ್ರ ಅವ್ರು ಸ್ಟಾಲ್ ಬ್ಯಾರೇದಾವ್ರಿಗೆ ಕೊಟ್ಟ್ ಬಿಡ್ತಾರ, ಸುಮ್ನ ಅಡ್ವಾನ್ಸ್ ಹಾಕ್ರಿ" ಎಂದು ಒಬ್ಬರು ಬುದ್ಧಿಯನ್ನೂ ಹೇಳಿದರು. ಮಳಿಗೆ ಸಿಕ್ಕಿತು, ಯಂತ್ರ ನಾಲ್ಕೂ ದಿನ ನಿಲ್ಲದೆ ಓಡಿತು, ಸ್ಥಳದಲ್ಲೇ ಮುಂಗಡ ಕೊಟ್ಟು ಹೋದವರು ಐದಾರು ಮಂದಿ ಇದ್ದರು. ನಕ್ಕವರಲ್ಲಿ ಇಬ್ಬರು ಈಗ ಆ ಪತ್ರದ ಪ್ರತಿ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ.

ಪತ್ರ ಬರೆಯುವ ಅಭ್ಯಾಸಕ್ಕೆ ಕಾರಣ ಹಿಂದಿನ ಒಂದು ಮೇಳ. ಅಲ್ಲಿ ಫೋನಿನಲ್ಲಿ ಹೇಳಿದ ದರಕ್ಕೂ ಕೊನೆಗೆ ಕೈಯಿಂದ ಹೋದ ಹಣಕ್ಕೂ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಅಂತರವಿತ್ತು. ಹಣ ಕಟ್ಟಿಸಿಕೊಂಡ ಮೇಲೆ ನಕ್ಷೆ ಬದಲಾಗಿ, ಹ್ಯಾಂಗರಿನ, ಅಂದರೆ ಮೇಳದ ದೊಡ್ಡ ಡೇರೆಯ, ಕಬ್ಬಿಣದ ಕಂಬ ನನ್ನ ಮಳಿಗೆಯ ಮೂಲೆಯೊಳಗೆ ಬಂದು ಕುಳಿತಿತ್ತು. ಅರ್ಜಿ ನಮೂನೆಯ ಹಿಂಬದಿಯಲ್ಲಿ "ನಕ್ಷೆ ಬದಲಿಸುವ ಹಕ್ಕು ಆಯೋಜಕರದು" ಎಂಬ ಸಾಲು ಮೊದಲೇ ಅಚ್ಚಾಗಿದ್ದರಿಂದ ಜಗಳಕ್ಕೂ ಆಸ್ಪದವಿರಲಿಲ್ಲ. ಆ ಸಾಲು ಬಹುತೇಕ ಎಲ್ಲ ಮೇಳಗಳ ನಮೂನೆಯಲ್ಲೂ ಇರುತ್ತದೆ, ತೆಗೆಸಲು ಆಗುವುದಿಲ್ಲ. ಆದರೆ ಬದಲಾದರೆ ಏನು ಎಂಬುದನ್ನು ಮುಂಚೆಯೇ ಬರೆಸಿಕೊಳ್ಳಬಹುದು.

ಮೊದಲು ದರದ ಮಾತು. "ಸ್ಟಾಲ್ ಎಷ್ಟು?" ಎಂದು ಕೇಳಿದರೆ ಬರುವ ಉತ್ತರ ಬರೀ ಜಾಗದ ಬಾಡಿಗೆ. ನಾನು ಕೇಳುವುದು ಬೇರೆ: "ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ, ಎರಡು ಬದಿ ತೆರೆದ ಒಂದು ಸಿದ್ಧ ಮಳಿಗೆಗೆ, 3 ಕಿಲೋವ್ಯಾಟ್ ಹೆಚ್ಚುವರಿ ವಿದ್ಯುತ್ ಸೇರಿ, ಜಿಎಸ್‌ಟಿ ಸೇರಿ, ಪ್ರದರ್ಶನದ ಎಲ್ಲ ದಿನಗಳಿಗೆ ನಾನು ಕಟ್ಟಬೇಕಾದ ಒಟ್ಟು ಮೊತ್ತವನ್ನೂ, ಮರಳಿ ಬರುವ ಠೇವಣಿಯನ್ನು ಪ್ರತ್ಯೇಕವಾಗಿಯೂ ತಿಳಿಸಿರಿ." ಈ ಒಂದು ವಾಕ್ಯಕ್ಕೆ ಉತ್ತರ ಕೊಡಬೇಕಾದರೆ ಅವರು ಮುಚ್ಚಿಟ್ಟ ಬಾಬುಗಳೆಲ್ಲ ಹೊರಗೆ ಬರಲೇಬೇಕು. ಈ ಸಲ ಬಂದ ಲೆಕ್ಕ ನೆನಪಿನಲ್ಲಿರುವಂತೆ ಹೀಗಿತ್ತು. ಚದರ ಮೀಟರಿಗೆ 5,500 ರೂಪಾಯಿಯಂತೆ 9 ಚದರ ಮೀಟರಿಗೆ 49,500; ಮೂಲೆ ಮಳಿಗೆಗೆ ಶೇ. 10ರಷ್ಟು ಹೆಚ್ಚು, ಅಂದರೆ 4,950. ಹೆಚ್ಚುವರಿ ವಿದ್ಯುತ್ತಿಗೆ ಕಿಲೋವ್ಯಾಟಿಗೆ 2,000ದಂತೆ 6,000. ಇಷ್ಟರ ಮೇಲೆ ಶೇ. 18 ಜಿಎಸ್‌ಟಿ ಸೇರಿದಾಗ ಮೊತ್ತ 71,000 ದಾಟಿತು. ಫೋನಿನಲ್ಲಿ ಅದೇ ಮಳಿಗೆಗೆ "ಐವತ್ತರ ಒಳಗ ಆಗ್ತೈತ್ರಿ" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಕೇಳಿದ ಪ್ರಶ್ನೆಗಷ್ಟೇ ಉತ್ತರಿಸಿದ್ದರು.

ಜಿಎಸ್‌ಟಿ ನಮ್ಮಂಥ ನೋಂದಾಯಿತರಿಗೆ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮರಳುವುದಿಲ್ಲ, ಆದ್ದರಿಂದ ಅವರು ಪೂರ್ತಿ ಮೊತ್ತವನ್ನೇ ಖರ್ಚೆಂದು ಹಿಡಿಯಬೇಕು. ಮರಳಬೇಕಾದರೂ ನಮ್ಮ ಜಿಎಸ್‌ಟಿ ಸಂಖ್ಯೆಯಿರುವ ತೆರಿಗೆ ಬಿಲ್ಲು ಬೇಕು. ಕೆಲವು ಆಯೋಜಕರು ಪ್ರೊಫಾರ್ಮಾ ಇನ್‌ವಾಯ್ಸ್ ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದರ ಮೇಲೆ ಜಮೆ ಸಿಗುವುದಿಲ್ಲ. ಹಾಗಾಗಿ ತೆರಿಗೆ ಬಿಲ್ಲು ಯಾವ ದಿನಾಂಕದೊಳಗೆ ಬರುತ್ತದೆ ಎಂಬುದನ್ನೂ, ಹಣ ಸಂಸ್ಥೆಯ ಚಾಲ್ತಿ ಖಾತೆಗೆ ಹೋಗುತ್ತದೆಯೋ ಯಾರದೋ ಮೊಬೈಲ್ ಸಂಖ್ಯೆಗೋ ಎಂಬುದನ್ನೂ ಪತ್ರದಲ್ಲೇ ಕೇಳುತ್ತೇನೆ. ಎರಡನೆಯ ಪ್ರಶ್ನೆಗೆ ತಡವರಿಸಿದವರ ಮೇಳಕ್ಕೆ ನಾನು ಹೋಗುವುದಿಲ್ಲ.

ಸಿದ್ಧ ಮಳಿಗೆ ಬೇಕೋ ಖಾಲಿ ಜಾಗ ಬೇಕೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ಖಾಲಿ ಜಾಗದ ದರ ಕಡಿಮೆ ಎಂದು ಹಿಗ್ಗುವವರು ಕನಿಷ್ಠ ಅಳತೆಯನ್ನು ಕೇಳುವುದಿಲ್ಲ. ಈ ಮೇಳದಲ್ಲಿ ಖಾಲಿ ಜಾಗ ಚದರ ಮೀಟರಿಗೆ 4,800 ಇತ್ತು, ಆದರೆ 18 ಚದರ ಮೀಟರಿಗಿಂತ ಕಡಿಮೆ ಕೊಡುವುದಿಲ್ಲ ಎಂದರು. ಜಾಗಕ್ಕೆ 86,000ದ ಮೇಲೆ; ಗೋಡೆ, ನೆಲಹಾಸು, ದೀಪ, ನಾಮಫಲಕ ಎಲ್ಲ ನಮ್ಮದೇ, ಅದಕ್ಕೆ ನಮ್ಮ ಬಡಗಿ ಹೇಳಿದ್ದು ಚದರ ಮೀಟರಿಗೆ ಸುಮಾರು 1,500. ತೆರಿಗೆಗೆ ಮೊದಲೇ 1,13,000 ಆಯಿತು. ಎರಡು ಸಿದ್ಧ ಮಳಿಗೆಗಳನ್ನು ಜೋಡಿಸಿ ಹಿಡಿದರೆ ಅದೇ ಅಳತೆ 99,000ಕ್ಕೆ ಸಿಗುತ್ತಿತ್ತು. ಎತ್ತರದ ಯಂತ್ರ ಇರುವವರಿಗೆ, ಬಾಗಿಲಿನ ಮೇಲಿನ ನಾಮಫಲಕದ ಪಟ್ಟಿ ಅಡ್ಡ ಬರುವವರಿಗೆ ಮಾತ್ರ ಖಾಲಿ ಜಾಗ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಿದ್ಧ ಮಳಿಗೆಯ ಒಳಗಿನ ಅಳತೆ ಕಾಗದದ ಮೇಲಿನ ಮೂರು ಮೀಟರಿಗಿಂತ ಸ್ವಲ್ಪ ಕಡಿಮೆ ಬರುತ್ತದೆ, ಅಲ್ಯೂಮಿನಿಯಂ ಕಂಬಗಳೂ ಹಲಗೆಗಳೂ ಅಷ್ಟು ನುಂಗುತ್ತವೆ. ಹಲಗೆಗೆ ಮೊಳೆ ಹೊಡೆಯುವಂತಿಲ್ಲ, ಕೊರೆಯುವಂತಿಲ್ಲ. ಹಾಳಾದ ಪ್ರತಿ ಹಲಗೆಯ ಬೆಲೆಯನ್ನು ಠೇವಣಿಯಿಂದ ಕಳೆಯುತ್ತಾರೆ. ಇದು ನಿಮಗೆಲ್ಲ ಗೊತ್ತಿರುವ ಸಂಗತಿ.

ನಕ್ಷೆಯ ವಿಷಯದಲ್ಲಿ ನನ್ನ ಪ್ರಶ್ನೆ ಉಳಿದವರಿಗಿಂತ ಭಿನ್ನ. ಎಲ್ಲರೂ ಮೂಲೆ ಮಳಿಗೆಯನ್ನೇ ಕೇಳುತ್ತಾರೆ, ನಾನು ಎದುರಿನ ಓಣಿಯ ಅಗಲವನ್ನು ಕೇಳುತ್ತೇನೆ. ಸೀರೆ, ಉಪ್ಪಿನಕಾಯಿ ಮಾರುವವರ ಮುಂದೆ ಜನ ಬಂದು ಹೋಗುತ್ತಾರೆ. ಚಾಲೂ ಯಂತ್ರದ ಮುಂದೆ ಜನ ನಿಲ್ಲುತ್ತಾರೆ, ಮೊದಲ ರೊಟ್ಟಿ ಉಬ್ಬುವವರೆಗೆ ಕದಲುವುದಿಲ್ಲ. ಓಣಿ ಎರಡು ಮೀಟರ್ ಇದ್ದರೆ ಹದಿನೈದು ಮಂದಿ ನಿಂತ ಕೂಡಲೇ ದಾರಿ ಕಟ್ಟುತ್ತದೆ, ಎದುರಿನ ಮಳಿಗೆಯವರು ದೂರು ಕೊಡುತ್ತಾರೆ, ಕಾವಲಿನವರು ಬಂದು ನಮ್ಮ ಗಿರಾಕಿಗಳನ್ನೇ ಚದುರಿಸುತ್ತಾರೆ. ಹಿಂದೊಮ್ಮೆ ಸಂಜೆ ಆರರ ಜಂಗುಳಿಯಲ್ಲಿ ಯಂತ್ರ ನಿಲ್ಲಿಸಬೇಕಾಗಿ ಬಂದದ್ದು ಹೀಗೆಯೇ. ಈ ಸಲ ಮುಖ್ಯ ಓಣಿ ಮೂರು ಮೀಟರಿಗಿಂತ ಅಗಲವಿರುವ ಸಾಲಿನ ಸಂಖ್ಯೆಗಳನ್ನು ಬರೆಸಿಕೊಂಡು, ಅದರೊಳಗೆ ಮೂಲೆ ಆರಿಸಿದೆ. ಪ್ರವೇಶ, ನಿರ್ಗಮನ, ತುರ್ತು ದ್ವಾರ, ಹ್ಯಾಂಗರ್ ಕಂಬಗಳು, ವೇದಿಕೆಯ ಧ್ವನಿವರ್ಧಕಗಳ ದಿಕ್ಕು, ಜನರೇಟರ್ ಇವೆಲ್ಲವನ್ನೂ ಗುರುತಿಸಿದ ನಕ್ಷೆಯನ್ನು ಕಳಿಸಿರಿ ಎಂದು ಕೇಳಿದ್ದೆ. ಮೊದಲು ಬರೀ ಚೌಕಗಳ ಚಿತ್ರ ಬಂತು. ಎರಡನೆಯ ಸಲ ಕಂಬಗಳಿದ್ದವು. ನಾನು ಹಿಡಿದ ಮಳಿಗೆಗೆ "ಮಳಿಗೆಯೊಳಗೆ ಕಂಬ ಬಂದಲ್ಲಿ ಅಥವಾ ಓಣಿ ಕಿರಿದಾದಲ್ಲಿ ಮೂಲೆಯ ಹೆಚ್ಚುವರಿ ಹಣ ಮರಳಿಸಲಾಗುವುದು" ಎಂಬ ಒಂದು ಸಾಲಿನ ಉತ್ತರವನ್ನೂ ಪಡೆದೆ.

ಈಗ ವಿದ್ಯುತ್ತು. ಸಿದ್ಧ ಮಳಿಗೆಯ ಜೊತೆ ಬರುವ ಪ್ಲಗ್ಗು 5 ಆಂಪಿಯರಿನದು, ಹೆಚ್ಚೆಂದರೆ ಸುಮಾರು ಒಂದು ಕಿಲೋವ್ಯಾಟಿಗೆ ಸಾಕು. ನನ್ನ ಯಂತ್ರಕ್ಕೆ ಬಿಸಿ ಹಂಚಿಗೆ 2 ಕಿಲೋವ್ಯಾಟ್, ಒಂದು ಅಶ್ವಶಕ್ತಿಯ ಮೋಟಾರಿಗೆ ಮುಕ್ಕಾಲು, ದೀಪ ಸೇರಿ ಹತ್ತಿರ ಹತ್ತಿರ 3. ಹ್ಯಾಂಗರಿನೊಳಗೆ ಗ್ಯಾಸ್ ಸಿಲಿಂಡರ್ ಬಿಡುವುದಿಲ್ಲ ಎಂದು ಉತ್ತರ ಬಂದಿದ್ದರಿಂದ ಗ್ಯಾಸಿನ ಹಂಚು ಬಿಟ್ಟು ವಿದ್ಯುತ್ ಹಂಚು ಕೂಡಿಸಬೇಕಾಯಿತು. ಕೇಳದೆ ಹೋಗಿದ್ದರೆ ಗೇಟಿನಲ್ಲೇ ಸಿಲಿಂಡರ್ ಇಳಿಸಿ ಮರಳಬೇಕಿತ್ತು. ಲೆಕ್ಕದ ಪ್ರಕಾರ 3 ಕಿಲೋವ್ಯಾಟ್ 13 ಆಂಪಿಯರ್, ಅವರು ಕೊಡುವ ಎಂಸಿಬಿ 16 ಆಂಪಿಯರ್, ಸಾಲುತ್ತದೆ. ಆದರೆ ಮೋಟಾರು ಏಳುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹಂಚು ಕಾಯುತ್ತಿರುವಾಗ ಸ್ವಿಚ್ ಹಾಕಿದರೆ ಎಂಸಿಬಿ ಬೀಳಬಹುದು, ಅದರ ಜೊತೆ ಕೆಲವೊಮ್ಮೆ ಪಕ್ಕದವರ ದೀಪವೂ ಆರುತ್ತದೆ. ಇದಕ್ಕಾಗಿ ಕಾರ್ಖಾನೆಯಲ್ಲಿ ಒಂದು ಪ್ರಯೋಗ ಮಾಡಿದೆ: ತ್ರೀ ಫೇಸ್ ಮೋಟಾರು ಹಾಕಿ, ಸಿಂಗಲ್ ಫೇಸಿನಿಂದ ಅದನ್ನು ನಡೆಸುವ ವಿಎಫ್‌ಡಿ ಕೂಡಿಸಿದೆ. ಎಂಟೊಂಬತ್ತು ಸಾವಿರ ಖರ್ಚಾಯಿತು. ಮೋಟಾರು ಮೆಲ್ಲಗೆ ಏಳುತ್ತದೆ, ಎಂಸಿಬಿ ಒಮ್ಮೆಯೂ ಬೀಳಲಿಲ್ಲ, ಅದಕ್ಕಿಂತ ಹೆಚ್ಚಾಗಿ ವೇಗ ಹೆಚ್ಚುಕಡಿಮೆ ಮಾಡಿ ತೋರಿಸಲು ಬಂದದ್ದರಿಂದ ಮೆಸ್ಸು ನಡೆಸುವ ಒಬ್ಬ ಅಕ್ಕಾರು ಅಲ್ಲಿಯೇ ಯಂತ್ರ ನಿಗದಿ ಮಾಡಿದರು. ವಿಎಫ್‌ಡಿಯಲ್ಲಿ ಯಾವ ಸೆಟ್ಟಿಂಗ್‌ಗಳನ್ನು ಇಟ್ಟಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಯದಾಗಿ ಮಳಿಗೆ ಹೂಡುವ ನಿಯಮಗಳು. ಮಳಿಗೆ ಎಷ್ಟು ಗಂಟೆಗೆ ಕೈಗೆ ಬರುತ್ತದೆ, ವಾಹನ ಹ್ಯಾಂಗರಿನ ಬಾಗಿಲವರೆಗೆ ಬರುತ್ತದೆಯೋ ಗೇಟಿನಿಂದ ತಳ್ಳುಗಾಡಿಯೋ, ವಿದ್ಯುತ್ತು ಹಿಂದಿನ ದಿನವೇ ಬರುತ್ತದೆಯೋ ಎಂಬ ಮೂರನ್ನು ಕೇಳಿದ್ದೆ. ಮೂರನೆಯದಕ್ಕೆ "ಉದ್ಘಾಟನೆಯ ಬೆಳಿಗ್ಗೆ" ಎಂಬ ಉತ್ತರ ಬಂತು. ಯಂತ್ರವನ್ನು ಹಾಕಿ ನೋಡದೆ ಗಿರಾಕಿಯ ಮುಂದೆ ಮೊದಲ ಸಲ ನಡೆಸುವುದು ನನಗೆ ಒಪ್ಪದು. ಹಿಂದಿನ ಸಂಜೆ ಎರಡು ತಾಸು ಪರೀಕ್ಷಾ ವಿದ್ಯುತ್ತು ಬೇಕೆಂದು ಮತ್ತೆ ಬರೆದೆ, ಐನೂರು ರೂಪಾಯಿ ಹೆಚ್ಚಿಗೆ ಪಡೆದು ಕೊಟ್ಟರು.

ಆ ಸಂಜೆಯೇ ನೆಲದ ತೊಂದರೆ ಬಯಲಾಯಿತು. ನೆಲ ಮಣ್ಣಿನದೋ ಪ್ಲೈವುಡ್ ಅಟ್ಟದ್ದೋ ಎಂದು ಪತ್ರದಲ್ಲಿ ಕೇಳಿದ್ದಕ್ಕೆ ಪ್ಲೈವುಡ್ ಎಂದಿದ್ದರು, ಅದರ ಕೆಳಗೆ ಅಡ್ಡಪಟ್ಟಿಗಳು ಎಷ್ಟು ಅಂತರದಲ್ಲಿವೆ ಎಂಬುದು ಮಾತ್ರ ಅವರಿಗೂ ಗೊತ್ತಿರಲಿಲ್ಲ. 180 ಕಿಲೋ ಯಂತ್ರದ ನಾಲ್ಕು ಕಾಲುಗಳಲ್ಲಿ ಒಂದು ಎರಡು ಪಟ್ಟಿಗಳ ನಡುವೆ ಬಂದು, ಮೋಟಾರು ಓಡಿದ ಕೂಡಲೇ ನೆಲ ಕುಣಿಯತೊಡಗಿತು, ರೊಟ್ಟಿ ಒಂದು ಬದಿಗೆ ದಪ್ಪ ಬೀಳುತ್ತಿತ್ತು. ಒಯ್ದಿದ್ದ ಎರಡು ಉದ್ದನೆಯ ಕಬ್ಬಿಣದ ಚಾನಲ್‌ಗಳನ್ನು ಕಾಲುಗಳ ಕೆಳಗೆ ಅಡ್ಡಲಾಗಿ ಹಾಸಿ ಭಾರವನ್ನು ಮೂರ್ನಾಲ್ಕು ಪಟ್ಟಿಗಳ ಮೇಲೆ ಹಂಚಿದ ಮೇಲೆ ಕುಣಿತ ನಿಂತಿತು. ಅದಕ್ಕೇ ಈಗ ಪತ್ರದಲ್ಲಿ ಯಂತ್ರದ ತೂಕವನ್ನೂ ಕಾಲುಗಳ ನಡುವಿನ ಅಂತರವನ್ನೂ ಬರೆದು, ಆ ಜಾಗದಲ್ಲಿ ಪಟ್ಟಿಗಳನ್ನು ಒತ್ತಾಗಿ ಹಾಕಿರಿ ಎಂದು ಸೇರಿಸಿದ್ದೇನೆ.

ಬಿಚ್ಚುವ ದಿನದ ನಿಯಮವನ್ನು ಯಾರೂ ಕೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮೊದಲು ಏನನ್ನೂ ಹೊರಗೆ ಒಯ್ಯುವಂತಿಲ್ಲ, ಒಯ್ಯಲು ಗೇಟ್ ಪಾಸ್ ಬೇಕು, ಗೇಟ್ ಪಾಸಿಗೆ ಒಳಗೆ ತಂದಾಗಿನ ಡೆಲಿವರಿ ಚಲನ್ನಿನ ಪ್ರತಿ ಬೇಕು. ಚಲನ್ನಿನಲ್ಲಿ ಯಂತ್ರದ ಜೊತೆ ಚಾನಲ್, ವಿಎಫ್‌ಡಿ, ಹಿಟ್ಟಿನ ಡಬ್ಬಿವರೆಗೆ ಎಲ್ಲ ಬರೆದಿದ್ದರಿಂದ ನನ್ನ ಟೆಂಪೊ ಹತ್ತೂವರೆಗೆ ಹೊರಬಿದ್ದಿತು. ಪಕ್ಕದವರು ಪಟ್ಟಿ ಬರೆಯುತ್ತ ನಡುರಾತ್ರಿವರೆಗೆ ಕುಳಿತಿದ್ದರು. 5,000 ರೂಪಾಯಿಯ ಠೇವಣಿ ಎಂದು ಮರಳುತ್ತದೆ ಎಂಬ ದಿನಾಂಕವೂ ಮೊದಲ ಮೇಲಿನಲ್ಲೇ ಇದ್ದುದರಿಂದ ಒಂದೇ ಒಂದು ನೆನಪೋಲೆಗೆ ಹಣ ಖಾತೆಗೆ ಬಂತು.