ಮೂಲವೋ ರಿಮಾಸ್ಟರೋ: ಡೂಪ್ಲಿಕೇಟ್ ಅಳಿಸುವ ಮೊದಲು ನಾನು ನೋಡುವುದು

ಹಾಡಿನ ಸಂಗ್ರಹ ತುಂಬಿ ತುಳುಕುವಾಗ ಡೂಪ್ಲಿಕೇಟ್ ಹುಡುಕುವ ಸಾಫ್ಟ್‌ವೇರ್ ಹಾಕಿ, ಅದು ತೋರಿಸಿದ್ದನ್ನೆಲ್ಲ ಅಳಿಸಿಬಿಡೋಣ ಅನಿಸುವುದು ಸಹಜ. ನಾನು ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಆಲ್ಬಮ್ಮಿನ ಯಾವ ಆವೃತ್ತಿ ಉಳಿಯಬೇಕು, ಮೂಲವೋ ಆಮೇಲೆ ದನಿಯನ್ನು ಮತ್ತೆ ಹದಮಾಡಿ ಹೊರತಂದ ರಿಮಾಸ್ಟರೋ, ಎಂದು ತೀರ್ಮಾನಿಸುತ್ತೇನೆ, ಆಮೇಲೆ ಉಳಿದದ್ದನ್ನು ಇಡೀ ಫೋಲ್ಡರಾಗಿ ತೆಗೆಯುತ್ತೇನೆ. ಒಂದೊಂದೇ ಹಾಡನ್ನು ಹೆಕ್ಕಿ ಅಳಿಸುವುದಿಲ್ಲ. ಯಾಕೆಂಬುದಕ್ಕೆ ಒಂದೇ ಆಲ್ಬಂ ಸಾಕು.

ಜಾಝ್ ಕಲಾವಿದ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಣವಾದದ್ದು 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸಂಗೀತ ಬೇಗ ಓಡುತ್ತದೆ, ಶ್ರುತಿಯೂ ಏರುತ್ತದೆ. ಆ ದಿನ ಮುದ್ರಿಸಿದ ಮೂರು ಹಾಡುಗಳೇ ಎಲ್‌ಪಿಯ ಮೊದಲ ಬದಿಗೆ ಹೋದವು, ಹಾಗಾಗಿ ದಶಕಗಳ ಕಾಲ ಜನ ಕೇಳಿದ್ದು ಅರ್ಧ ಸ್ವರಕ್ಕಿಂತ ಕಡಿಮೆಯಷ್ಟು ಏರಿದ ಮೊದಲ ಬದಿಯನ್ನು. ಅದೇ ದಿನ ಇನ್ನೊಂದು ಯಂತ್ರದಲ್ಲಿ ಸರಿಯಾದ ವೇಗದಲ್ಲಿ ಮುದ್ರಿಸಿಟ್ಟ ಸುರಕ್ಷಾ ಟೇಪಿನಿಂದ 1990ರ ದಶಕದಲ್ಲಿ ಇದನ್ನು ತಿದ್ದಿದರು. 1997ರ ಸಿಡಿಯಲ್ಲಿ ಇರುವುದು ತಿದ್ದಿದ ರೂಪ, ಜೊತೆಗೆ ‘ಫ್ಲಮೆಂಕೊ ಸ್ಕೆಚಸ್’ನ ಇನ್ನೊಂದು ಟೇಕ್.

ಈಗ ಹಳೆಯ ಸಿಡಿಯ ಐದು ಹಾಡು, 1997ರ ಆರು ಹಾಡು ಎರಡೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಉಂಟು ಎಂದುಕೊಳ್ಳಿ. ಹೆಸರು ಮತ್ತು ಅವಧಿ ಹೋಲಿಸುವ ಸಾಫ್ಟ್‌ವೇರಿನಲ್ಲಿ ಅವಧಿಯ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಎರಡು ಮೂರು ಸೆಕೆಂಡಿನ ವಿನಾಯಿತಿ ಇರುತ್ತದೆ. ಮೊದಲ ಬದಿಯ ಉದ್ದದ ಹಾಡುಗಳಲ್ಲಿ ವೇಗದ ವ್ಯತ್ಯಾಸವೇ ಆ ಮಿತಿ ದಾಟುವುದರಿಂದ ಅವು ‘ಬೇರೆ ಹಾಡು’ ಆಗಿ ಉಳಿದುಕೊಳ್ಳುತ್ತವೆ. ಎರಡನೇ ಬದಿಯ ಎರಡು ಹಾಡುಗಳು ಎರಡೂ ಸಿಡಿಯಲ್ಲಿ ಒಂದೇ ವೇಗದವು, ಅವು ‘ಡೂಪ್ಲಿಕೇಟ್’ ಆಗುತ್ತವೆ. ದೊಡ್ಡ ಫೈಲ್ ಉಳಿಸು ಎಂಬ ನಿಯಮ ಒತ್ತಿದರೆ ಕೊನೆಗೆ ಉಳಿಯುವುದು ಮೊದಲ ಬದಿ ಎರಡೆರಡು ಸಲ, ಎರಡನೇ ಬದಿ ಯಾವ ಮಾಸ್ಟರಿನದ್ದು, ಅಂದರೆ ಬಿಡುಗಡೆಗೆಂದು ಹದಮಾಡಿದ ಯಾವ ರೂಪದ್ದು, ಎಂದು ಹೇಳಲಾಗದ ಸ್ಥಿತಿ. ಹೆಸರು ಮಾತ್ರ ನೋಡುವ ಸಾಫ್ಟ್‌ವೇರಿನಲ್ಲಾದರೆ ಬೇರೆ ಟೇಕ್ ಕೂಡ, ಅದಕ್ಕೂ ಅದೇ ಹೆಸರು ಕೊಟ್ಟಿದ್ದರೆ, ಅಪಾಯದಲ್ಲೇ ಇರುತ್ತದೆ.

ಧ್ವನಿಯನ್ನೇ ಕೇಳಿ ಗುರುತಿಸುವ ಫಿಂಗರ್‌ಪ್ರಿಂಟ್ ವಿಧಾನವೂ ಇಲ್ಲಿ ಸಾಲುವುದಿಲ್ಲ. ಅಕೌಸ್ಟ್‌ಐಡಿಯ ಉಪಕರಣ ಮಾಮೂಲಾಗಿ ಹಾಡಿನ ಮೊದಲ 120 ಸೆಕೆಂಡ್ ಮಾತ್ರ ನೋಡುತ್ತದೆ, ಅದೂ ಸ್ವರಗಳ ಹಂಚಿಕೆಯನ್ನು. ದನಿಯ ಏರಿಳಿತ ಚಪ್ಪಟೆಯಾಗಿದೆಯೇ, ಟೇಪಿನ ಹಿಸ್ ಸದ್ದನ್ನು ತೆಗೆದಿದ್ದಾರೆಯೇ ಎಂಬುದು ಅದಕ್ಕೆ ಕಾಣದು. ಹಾಡುಗಳ ಮಾಹಿತಿ ಕೂಡಿಡುವ ಜಾಲತಾಣ ಮ್ಯೂಸಿಕ್‌ಬ್ರೈನ್ಜ್ ಕೂಡ ರಿಮಾಸ್ಟರನ್ನೂ ಮೂಲವನ್ನೂ ಒಂದೇ ರೆಕಾರ್ಡಿಂಗ್ ಎಂದು ಪಟ್ಟಿ ಮಾಡುತ್ತದೆ. ಅದರ ಉದ್ದೇಶಕ್ಕೆ ಅದು ಸರಿ. ಅಳಿಸುವವರಿಗೆ ಮಾತ್ರ ‘ಒಂದೇ ರೆಕಾರ್ಡಿಂಗ್’, ‘ಒಂದೇ ಮಾಸ್ಟರ್’, ‘ಒಂದೇ ಫೈಲ್’ ಮೂರೂ ಬೇರೆ ಬೇರೆ. ಯೋಚಿಸದೆ ಅಳಿಸಬಹುದಾದದ್ದು ಮೂರನೆಯದನ್ನು ಮಾತ್ರ.

ಅದನ್ನು ಹಿಡಿಯುವುದು ಸುಲಭ. ಫ್ಲ್ಯಾಕ್ ಫೈಲ್ ತನ್ನೊಳಗಿನ ಧ್ವನಿಯ ಎಂಡಿ5 ಗುರುತನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಟ್ಯಾಗ್ ಬದಲಾದರೂ, ಮುಖಪುಟದ ಚಿತ್ರ ಸೇರಿಸಿದರೂ ಆ ಗುರುತು ಬದಲಾಗದು.

```
find . -name '*.flac' -exec metaflac --with-filename --show-md5sum {} + | sort -t: -k2
```

ಒಂದೇ ಗುರುತು ಇರುವ ಸಾಲುಗಳು ಅಕ್ಕಪಕ್ಕ ಬರುತ್ತವೆ. ಇಲ್ಲೊಂದು ಎಚ್ಚರ ಬೇಕು: ಕೆಲವು ಎನ್‌ಕೋಡರುಗಳು ಗುರುತನ್ನು ಬರೆಯದೆ ಬರೀ ಸೊನ್ನೆ ಬಿಟ್ಟಿರುತ್ತವೆ. ಅಂಥ ಫೈಲುಗಳೆಲ್ಲ ಒಂದಕ್ಕೊಂದು ಡೂಪ್ಲಿಕೇಟಿನ ಹಾಗೆ ಸಾಲಾಗಿ ಕಾಣುತ್ತವೆ, ಅವನ್ನು ಮುಟ್ಟಬಾರದು. ಎಂಪಿ3ಗಾದರೆ ಟ್ಯಾಗ್ ಬಿಟ್ಟು ಧ್ವನಿಯ ಭಾಗದ ಗುರುತನ್ನು ಹೀಗೆ ತೆಗೆಯಬಹುದು:

```
ffmpeg -v error -i a.mp3 -map 0:a -c copy -f md5 -
```

ಒಂದೇ ಸಿಡಿಯನ್ನು ಎರಡು ಬೇರೆ ಡ್ರೈವಿನಲ್ಲಿ ರಿಪ್ ಮಾಡಿದರೆ ಆರಂಭ ಕೆಲವು ಸ್ಯಾಂಪಲ್ ಹಿಂದೆಮುಂದೆ ಆಗಿ ಗುರುತು ಹೊಂದದೆ ಹೋಗಬಹುದು. ಆಗ ಎರಡನ್ನೂ ಧ್ವನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ತೆರೆದು, ಪೂರ್ತಿ ಹತ್ತಿರಕ್ಕೆ ಹಿಗ್ಗಿಸಿ, ಮೊದಲ ಏಟಿನ ಅಲೆಯನ್ನು ಸ್ಯಾಂಪಲ್‌ಗೆ ಸ್ಯಾಂಪಲ್ ಸೇರಿಸಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸುತ್ತೇನೆ. ಒಂದೇ ಮಾಸ್ಟರಾದರೆ ಮೌನ ಉಳಿಯುತ್ತದೆ. ‘ರಿಮಾಸ್ಟರ್ಡ್’ ಎಂದು ಹೆಸರಿಟ್ಟದ್ದು ಬರೀ ವಾಲ್ಯೂಮ್ ಏರಿಸಿದ ಹಳೆಯದೇ ಆಗಿದ್ದರೆ, ಮಟ್ಟ ಸರಿದೂಗಿಸಿದ ಕೂಡಲೇ ಅದೂ ಮೌನವಾಗುತ್ತದೆ. ಆ ಎರಡರಲ್ಲಿ ಒಂದನ್ನು ಧೈರ್ಯವಾಗಿ ತೆಗೆಯಬಹುದು.

ಇನ್ನು ಬೇರೆ ಬೇರೆ ಮಾಸ್ಟರುಗಳ ಆಯ್ಕೆ. ಮೊದಲು ನೋಡುವುದು ಶ್ರುತಿ. ‘ಸೋ ವಾಟ್’ ಹಾಡು ಡಿ ಸ್ವರದ ಮೇಲೆ ನಿಂತಿದೆ, ಅಂದರೆ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು. ನಡುವಿನ ಎಂಟು ಆವರ್ತಗಳಲ್ಲಿ ಕಪ್ಪು ಎರಡಕ್ಕೆ ಏರಿ ಮತ್ತೆ ಇಳಿಯುತ್ತದೆ. ಫೋನಿನ ಟ್ಯೂನರ್ ಇಟ್ಟು ಬೇಸಿನ ಮೊದಲ ಸ್ವರಗಳನ್ನು ನೋಡಿದರೆ ಹಳೆಯ ಸಿಡಿಯಲ್ಲಿ ಮುಳ್ಳು ಮೇಲಕ್ಕೆ ವಾಲುತ್ತದೆ, 1997ರದ್ದರಲ್ಲಿ ನಡುವಿನ ಹತ್ತಿರ ನಿಲ್ಲುತ್ತದೆ. ಈ ಆಲ್ಬಮ್ಮಿನ ಮಟ್ಟಿಗೆ ಶ್ರುತಿಯ ಕಾರಣಕ್ಕೇ ನಾನು ತಿದ್ದಿದ್ದನ್ನು ಉಳಿಸುತ್ತೇನೆ. ಹಳೆಯದರ ಜೊತೆ ಬೆಳೆದ ಕಿವಿಗೆ ಅದೇ ಬೇಕು ಅನಿಸಿದರೆ ಎರಡನ್ನೂ ಇಡಲಿ, ಪೂರ್ತಿ ಪೂರ್ತಿಯಾಗಿ.

ಕಾಸರಗೋಡಿನ ಕಡೆ ಈ ಶ್ರುತಿಯ ತಪಾಸಣೆ ಹೆಚ್ಚು ಉಪಯೋಗಕ್ಕೆ ಬರುವುದು ಯಕ್ಷಗಾನ, ತಾಳಮದ್ದಳೆಯ ಕ್ಯಾಸೆಟ್ ಪ್ರತಿಗಳಿಗೆ. ಒಂದೇ ಪ್ರಸಂಗ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಮೆಮೊರಿ ಕಾರ್ಡಿಗೆ ಇಳಿದು ನಾಲ್ಕು ರೂಪದಲ್ಲಿ ಸಿಗುತ್ತದೆ, ಪ್ರತಿ ಡೆಕ್ಕಿನ ವೇಗವೂ ಬೇರೆ. ಹಿನ್ನೆಲೆಯ ಶ್ರುತಿ ಕಪ್ಪು ಎರಡಕ್ಕೂ ಬಿಳಿ ಮೂರಕ್ಕೂ ನಡುವೆ ಸಿಕ್ಕಿಕೊಂಡಿದ್ದರೆ ವೇಗ ತಪ್ಪಿದೆ ಎಂಬ ಅನುಮಾನ ಸರಿ. ಆದರೆ ಹಾರ್ಮೋನಿಯಮ್ಮೇ ತುಸು ಆಚೀಚೆ ಇರಬಹುದು. ಅದೇ ಡೆಕ್ಕಿನಿಂದ ಇಳಿಸಿದ ಬೇರೆ ಕ್ಯಾಸೆಟ್ಟುಗಳೂ ಅಷ್ಟೇ ಏರಿದ್ದರೆ ತಪ್ಪು ಡೆಕ್ಕಿನದು. ಒಂದು ಮನೆಗೂ ಮುಂದಿನ ಮನೆಗೂ ಸುಮಾರು 6 ಶೇಕಡಾ ವೇಗದ ಅಂತರ. ಅರ್ಧ ಮನೆ ಏರಿದ್ದರೆ ವೇಗವನ್ನು 2.8 ಶೇಕಡಾ ಇಳಿಸಬೇಕು. ಶ್ರುತಿಯನ್ನು ಮಾತ್ರ ಬದಲಿಸುವ ಆಯ್ಕೆ ಇಲ್ಲಿ ತಪ್ಪು, ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಬದಲಾಗುವುದನ್ನೇ ಬಳಸಬೇಕು. ತಿದ್ದದ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಹಾಗೇ ಇಡುತ್ತೇನೆ.

ಎರಡನೆಯದು ದನಿಯ ಮಟ್ಟ. 1990ರ ದಶಕದಿಂದ ಬಂದ ಬಹಳಷ್ಟು ರಿಮಾಸ್ಟರುಗಳು ಮೂಲಕ್ಕಿಂತ ಜೋರು. ಜೋರಾದದ್ದು ಕಿವಿಗೆ ಮೊದಲು ಚೆನ್ನಾಗಿಯೇ ಕೇಳುತ್ತದೆ, ಅದಕ್ಕಾಗಿ ಅಳತೆ ಮಾಡದೆ ಹೋಲಿಸಬಾರದು.

```
ffmpeg -nostats -i a.flac -af ebur128=peak=true -f null -
```

ಕೊನೆಯಲ್ಲಿ ಬರುವ `I` ಇಡೀ ಹಾಡಿನ ಸರಾಸರಿ ಮಟ್ಟ, `Peak` ಅತಿ ಎತ್ತರದ ತುದಿ. ಉದಾಹರಣೆಗೆ ಮೂಲ −16, ರಿಮಾಸ್ಟರ್ −9 ಬಂದರೆ 7 ಡೆಸಿಬಲ್ ಅಂತರ. ತುದಿ ಎರಡರಲ್ಲೂ ಸೊನ್ನೆಯ ಆಸುಪಾಸಿನಲ್ಲೇ ಇದ್ದರೆ, ಆ 7 ಡೆಸಿಬಲ್ ಬಂದದ್ದು ಏಟಿನ ತಲೆಗಳನ್ನು ಸವರಿದ್ದರಿಂದ. ಮದ್ದಳೆಯ ಏಟು, ಡ್ರಮ್ಮಿನ ಏಟು ಎದೆಗೆ ತಟ್ಟದೆ ಹಾಡಿನೊಳಗೇ ಹೂತು ಹೋಗುವುದು ಇಂಥದ್ದರಲ್ಲಿ. ಕೇಳಿ ಹೋಲಿಸುವಾಗ ಪ್ಲೇಯರಿನಲ್ಲಿ ರೀಪ್ಲೇಗೇನ್ ಹಾಕಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಒಂದೇ ಅರ್ಧ ನಿಮಿಷದ ತುಣುಕನ್ನು ಬದಲಿಸಿ ಬದಲಿಸಿ ಕೇಳುತ್ತೇನೆ. ಫೂಬಾರ್2000ದ ಎಬಿಎಕ್ಸ್ ಘಟಕ ಯಾವುದು ಯಾವುದೆಂದು ಮುಚ್ಚಿಟ್ಟು ನುಡಿಸುತ್ತದೆ. ಆಗಲೂ ವ್ಯತ್ಯಾಸ ಗೊತ್ತಾಗದಿದ್ದರೆ ಯಾವುದನ್ನು ಇಟ್ಟರೂ ನಡೆಯುತ್ತದೆ. ಎಲ್‌ಪಿಯಿಂದ ಇಳಿಸಿದ ಪ್ರತಿಗೆ ಮಾತ್ರ, ದನಿಯ ಏರಿಳಿತದ ಅಂತರ ಹೇಳುವ ಡೈನಾಮಿಕ್ ರೇಂಜ್ ಅಂಕಿಯನ್ನು ನಂಬಬೇಡಿ. ಅದೇ ಮಾಸ್ಟರಿನ ಸಿಡಿಗಿಂತ ಅದು ಹೆಚ್ಚು ತೋರಿಸುವುದುಂಟು.

ಮೂರನೆಯದು ಹಿಸ್ ತೆಗೆದ ಗುರುತು. ಇದನ್ನು ನಾನು ಹಾಡು ಮುಗಿಯುವ ಜಾಗದಲ್ಲಿ ಹೆಡ್‌ಫೋನ್ ಹಾಕಿ ಕೇಳುತ್ತೇನೆ. ತಂಬೂರಿಯೋ ವಯಲಿನ್ನೋ ಕರಗುತ್ತಾ ಹೋಗುವಾಗ ಹಿಸ್ ಕೂಡ ಅದರ ಜೊತೆಗೇ ಇರಬೇಕು. ಅತಿಯಾಗಿ ತೆಗೆದಿದ್ದರೆ ನಾದದ ಕೊನೆ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ, ಆಮೇಲೆ ತಟ್ಟನೆ ಕಡಿದುಹೋಗುತ್ತದೆ. ತಾಳದ ಕಂಚಿನ ದನಿ ಮೊಂಡಾಗುತ್ತದೆ. ಹಳೆಯ ಚಿತ್ರಗೀತೆಗಳಲ್ಲಿ ನನಗೆ ಹಿಸ್ ಇರುವ ಪ್ರತಿಯೇ ಬೇಕು, ತೆಗೆದದ್ದನ್ನು ಮರಳಿ ಹಾಕಲಾಗದು. ಝಂಕಾರ್ ಹೆಸರಿನಲ್ಲಿ ಮೇಲೆ ಹೊಸ ಡ್ರಮ್ ಸೇರಿಸಿದವು ರಿಮಾಸ್ಟರುಗಳೇ ಅಲ್ಲ, ಅವು ಬೇರೆ ಹಾಡೆಂದೇ ಲೆಕ್ಕ.

ಫೈಲ್ ದೊಡ್ಡದು ಎಂಬ ಕಾರಣಕ್ಕೆ ಯಾವುದನ್ನೂ ಉಳಿಸಬೇಡಿ. 128 ಕೆಬಿಪಿಎಸ್ ಎಂಪಿ3ಯನ್ನು ಫ್ಲ್ಯಾಕ್ ಮಾಡಿ ಹಂಚುವುದು ಸಾಮಾನ್ಯ. ಆಡಾಸಿಟಿಯ ಸ್ಪೆಕ್ಟ್ರೋಗ್ರಾಮಿನಲ್ಲಿ ಸುಮಾರು 16 ಕಿಲೋಹರ್ಟ್ಸ್ ಹತ್ತಿರ ಸ್ಕೇಲ್ ಇಟ್ಟು ಕತ್ತರಿಸಿದಂತೆ ಮೇಲೆಲ್ಲ ಖಾಲಿ ಇದ್ದರೆ ಅದು ಅಂಥದ್ದು. ಹಳೆಯ ಟೇಪಿನಲ್ಲಿ ಮೇಲಿನ ಭಾಗ ಮೆಲ್ಲಮೆಲ್ಲನೆ ಮಾಸುವುದು ಬೇರೆ, ಅದು ಸಹಜ.

ಆಯ್ಕೆ ಆದ ಮೇಲೆ ಟ್ಯಾಗ್. ಹೆಚ್ಚಿನ ಪ್ಲೇಯರುಗಳು ಆಲ್ಬಮ್ಮಿನ ಹೆಸರು ನೋಡಿ ಗುಂಪು ಮಾಡುವುದರಿಂದ, ಎರಡು ಆವೃತ್ತಿ ಇಟ್ಟುಕೊಂಡರೆ ಪ್ರತಿ ಹಾಡು ಎರಡೆರಡಾಗಿ ಒಂದೇ ಪಟ್ಟಿಯಲ್ಲಿ ಬರುತ್ತದೆ. `ALBUM` ಹೆಸರಿನ ಕೊನೆಗೆ ಆವೃತ್ತಿಯ ವರ್ಷ ಸೇರಿಸಿದರೆ ಬೇರ್ಪಡುತ್ತದೆ, ಮೊದಲ ಬಿಡುಗಡೆಯ ವರ್ಷಕ್ಕೆ `ORIGINALDATE` ಇದೆ. ಗಡಿನಾಡಿನ ಸಂಗ್ರಹದಲ್ಲಿ ಇನ್ನೊಂದು ತೊಡಕು: ಒಂದೇ ಹಾಡಿನ ಹೆಸರು ಒಂದು ಫೈಲಿನಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ಮಲಯಾಳಂ ಲಿಪಿಯಲ್ಲಿ, ಮತ್ತೊಂದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಹೆಸರಿನಿಂದ ಹುಡುಕಿದರೆ ಇವು ಯಾವತ್ತೂ ಜೊತೆಯಾಗುವುದಿಲ್ಲ. ಫಿಂಗರ್‌ಪ್ರಿಂಟ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ, ಜೋಡಿಗಳನ್ನು ಎದುರಿಗೆ ತಂದು ತೋರಿಸುವುದಕ್ಕೆ. ತೀರ್ಪು ನಮ್ಮದೇ.

ತೆಗೆಯುವ ಫೋಲ್ಡರುಗಳನ್ನು ನೇರ ಅಳಿಸದೆ ಲೈಬ್ರರಿಯ ಹೊರಗಿನ ಒಂದು ಫೋಲ್ಡರಿಗೆ ಸರಿಸಿ ಒಂದೆರಡು ತಿಂಗಳು ಬಿಡುತ್ತೇನೆ. ಸರಿಸಿದ ಕೂಡಲೇ ಎಂ3ಯು ಪ್ಲೇಲಿಸ್ಟುಗಳು ಹಳೆಯ ದಾರಿಯನ್ನೇ ಹುಡುಕಿ ಹಾಡು ಬಿಟ್ಟು ಮುಂದೆ ಹೋಗುತ್ತವೆ. ಅವು ಬರೀ ಅಕ್ಷರದ ಫೈಲುಗಳಾದ್ದರಿಂದ ನೋಟ್‌ಪ್ಯಾಡಿನಲ್ಲಿ ತೆರೆದು ಹಳೆಯ ಫೋಲ್ಡರಿನ ಹೆಸರನ್ನು ಉಳಿಸಿದ ಫೋಲ್ಡರಿನದ್ದಕ್ಕೆ ಬದಲಿಸಿದರೆ ಸರಿಹೋಗುತ್ತದೆ, ಎರಡೂ ಕಡೆ ಫೈಲಿನ ಹೆಸರು ಒಂದೇ ಇದ್ದರೆ.