ಫೈನಲ್ ತಲುಪಿದ ತಂಡ, ತಪ್ಪು ಮಾರ್ಕೆಟ್‌ನಲ್ಲಿ ಹೆಡ್ಜ್

ಫುಟ್‌ಬಾಲ್ ಟೂರ್ನಿ ಶುರುವಾಗುವ ಮೊದಲೇ, ಕಪ್ ನಮ್ಮ ತಂಡಕ್ಕೇ ಎಂದು 9.00 ದರದಲ್ಲಿ 100 ಯೂನಿಟ್ ಕಟ್ಟಿದ್ದೆ. ತಂಡ ಫೈನಲ್ ತಲುಪಿತು. ಗೆದ್ದರೆ ಕೈಗೆ 900. ಯಾರು ಗೆದ್ದರೂ ಲಾಭ ಉಳಿಯಲೆಂದು ಎದುರಾಳಿಯ ಮೇಲೂ ಕಟ್ಟುವುದೇ ಹೆಡ್ಜ್. ಈ 900 ಅನ್ನು ಎದುರಾಳಿಯ ದರದಿಂದ ಭಾಗಿಸಿದರೆ ಹೆಡ್ಜ್ ಮೊತ್ತ ಸಿಗುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು 2.25. ಬರೀ 400 ಕಟ್ಟಿದರೆ ಯಾರು ಗೆದ್ದರೂ 400 ಲಾಭ! ಅನುಮಾನ ಬಂದು ಸ್ಲಿಪ್ ಮತ್ತೊಮ್ಮೆ ಓದಿದೆ. ಅದು 90 ನಿಮಿಷದ ಫಲಿತಾಂಶಕ್ಕಷ್ಟೇ. ಪಂದ್ಯ ಸಮವಾಗಿ ಎದುರಾಳಿ ಪೆನಾಲ್ಟಿಯಲ್ಲಿ ಗೆದ್ದರೆ ಎರಡೂ ಬೆಟ್ ಸೋತು 500 ಹೋಗುತ್ತಿತ್ತು.

ಆ ಸ್ಲಿಪ್ ಅಳಿಸಿ ‘ಕಪ್ ಗೆಲ್ಲುವವರು’ ಮಾರ್ಕೆಟ್‌ಗೆ ಹೋದೆ. ಹೆಚ್ಚುವರಿ ಸಮಯ, ಪೆನಾಲ್ಟಿ ಎರಡೂ ಸೇರಿರುವುದರಿಂದ ಅಲ್ಲಿ ದರ 1.80 ಮಾತ್ರ. ಹಾಗಾಗಿ 500 ಕಟ್ಟಿದೆ. ಒಟ್ಟು ಹಾಕಿದ್ದು 600, ಯಾರು ಕಪ್ ಎತ್ತಿದರೂ ಬರುವುದು 900. ಲಾಭ 300, ಆದರೆ ಎಲ್ಲೂ ತೂತಿಲ್ಲ.